ಕ್ರಮವಾಗಿ ನೆನಪಿಡಲು ಯಾವ ದಾರಿ: ಮೊದಲಕ್ಷರ, ಕಥೆ, ಮನೆ

ಆವರ್ತಕ ಕೋಷ್ಟಕದ ಮೊದಲ ಹತ್ತು ಮೂಲಧಾತುಗಳನ್ನು ಕ್ರಮ ತಪ್ಪದೆ ನೆನಪಿಡಲು ನಾನು ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಮೊದಲಕ್ಷರಗಳನ್ನು ಪೋಣಿಸಿ ಹೇಳಿಕೊಳ್ಳುವುದು ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಆದರೆ 'ಬೆ' ಎಂಬ ಅಕ್ಷರ ಬೆರಿಲಿಯಂ ಎಂಬ ಹೆಸರನ್ನು ಮೊದಲೇ ಬಲ್ಲವರಿಗೆ ಮಾತ್ರ ಸುಳಿವಾಗುತ್ತದೆ.

ಎರಡನೆಯದು ಕಥೆ. ಹೈಡ್ರೋಜನ್‌ಗೆ ನೀರಿನ ಕೊಡ, ಹೀಲಿಯಂಗೆ ಬಲೂನು, ಲಿಥಿಯಂಗೆ ಮೊಬೈಲ್ ಬ್ಯಾಟರಿ, ಬೆರಿಲಿಯಂಗೆ ಬೆರಣಿ ಎಂದು ಗೊತ್ತುಮಾಡಿಕೊಂಡು, ಕೊಡದಿಂದ ಮೇಲೆದ್ದ ಬಲೂನು ಬ್ಯಾಟರಿಯನ್ನು ಹೊತ್ತೊಯ್ದು ಬೆರಣಿಯ ರಾಶಿಯ ಮೇಲೆ ಕೆಡವಿತು ಎಂದು ಹೆಣೆಯುತ್ತ ಹೋಗಬೇಕು. ಮನೋವಿಜ್ಞಾನಿಗಳಾದ ಗಾರ್ಡನ್ ಬೋವರ್ ಮತ್ತು ಮೈಕಲ್ ಕ್ಲಾರ್ಕ್ 1969ರಲ್ಲಿ ಹತ್ತು ಹತ್ತು ಪದಗಳ ಹನ್ನೆರಡು ಪಟ್ಟಿಗಳನ್ನು ಕೊಟ್ಟು ಕೊನೆಯಲ್ಲಿ ಎಲ್ಲವನ್ನೂ ಕೇಳಿದಾಗ, ಕಥೆ ಕಟ್ಟಿದವರು ಸುಮಾರು ಶೇ. 93ರಷ್ಟನ್ನೂ ಉಳಿದವರು ಸುಮಾರು ಶೇ. 13ರಷ್ಟನ್ನೂ ಹೇಳಿದರು. ಕಥೆಯಲ್ಲಿ ಒಂದು ಪದ ಮುಂದಿನ ಪದಕ್ಕೆ ಸುಳಿವಾಗುತ್ತದೆ. ತೊಡಕೂ ಅಲ್ಲಿಯೇ ಇದೆ, ಏಕೆಂದರೆ ನಡುವಿನ ಒಂದು ಕೊಂಡಿ ಕಳಚಿದರೆ ಮುಂದಿನದಕ್ಕೆ ದಾರಿಯಿರುವುದಿಲ್ಲ.

ನನ್ನ ಒಲವು ಮೂರನೆಯದಾದ, ಗೊತ್ತಿರುವ ಜಾಗಗಳಲ್ಲಿ ಒಂದೊಂದು ಚಿತ್ರವನ್ನು ಇರಿಸುತ್ತ ಹೋಗುವ ಸ್ಥಳವಿಧಾನದ ಕಡೆಗೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಹೊರಗಿನಿಂದ ಬಂದಂತೆ ಉಣಗೋಲು, ತುಳಸಿಕಟ್ಟೆ, ಜಗುಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು, ಹೀಗೆ ಮುಂದುವರಿಯುವ ಸಾಲು ನನಗೆ ಕಲಿಯದೆಯೇ ಗೊತ್ತಿದೆ. ಆ ಸಾಲಿಗೆ ಅದೇ ಚಿತ್ರಗಳನ್ನು ಇರಿಸಿದಾಗ ನಡುಮನೆಯ ತುಂಬ ಬೆರಣಿ ಹರಡಿರುತ್ತದೆ, ದೇವರ ಪೀಠದ ಮೇಲೆ ಬೋರಾನ್‌ನ ಬೋರೆಹಣ್ಣು ಕೂತಿರುತ್ತದೆ, ಬಚ್ಚಲ ಹಂಡೆಯೊಳಗೆ ನೈಟ್ರೋಜನ್‌ನ ಯೂರಿಯಾ ಸುರಿಯುತ್ತಿರುತ್ತದೆ. ಇಲ್ಲಿ ಸುಳಿವು ಪಟ್ಟಿಯ ಹೊರಗಿರುವುದರಿಂದ ಒಂದು ಮರೆತರೂ ಮುಂದಿನ ಕೋಣೆಗೆ ಕಾಲಿಡಬಹುದು. ಪ್ರತಿ ಐದನೆಯ ಸ್ಥಳಕ್ಕೂ ಒಂದು ಗುರುತಿಡಬೇಕೆಂದು ಪ್ರಾಚೀನ ರೋಮಿನ ಭಾಷಣಕಲೆಯ ಗ್ರಂಥವೊಂದು ಹೇಳುತ್ತದೆ. ದೇವರ ಕೋಣೆ ಐದನೆಯದೆಂದು ನೆನಪಿದ್ದರೆ, ಏಳನೆಯ ಧಾತು ಯಾವುದೆಂದು ಕೇಳಿದಾಗ ಮೊದಲಿನಿಂದ ಎಣಿಸಬೇಕಾಗಿಲ್ಲ.

ಆರನೆಯದಾದ ಕಾರ್ಬನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಲೆಯಲ್ಲಿ ಇದ್ದಿಲು ಇರುವುದು ಸಹಜವಾದ್ದರಿಂದ ಮನಸ್ಸಿನ ಕಣ್ಣು ಅದನ್ನು ದಾಟಿ ಹೋಗುತ್ತದೆ. ಹಾಲಿನ ಪಾತ್ರೆಯಲ್ಲಿ ಇದ್ದಿಲು ತೇಲಿಸಿದರೆ ತಪ್ಪುವುದಿಲ್ಲ. ಅಸಾಧಾರಣ ನೆನಪಿನ ಶೆರೆಶೆವ್‌ಸ್ಕಿ ಬಿಳಿಯ ಗೋಡೆಯ ಮುಂದೆ ಇರಿಸಿದ ಮೊಟ್ಟೆಯನ್ನು ಕಾಣದೆ ಬಿಟ್ಟದ್ದನ್ನು ಮನೋವಿಜ್ಞಾನಿ ಲೂರಿಯಾ ದಾಖಲಿಸಿದ್ದಾರೆ.

ನರವಿಜ್ಞಾನಿ ಎಲೀನರ್ ಮ್ಯಾಗ್ವೈರ್ ತಂಡ 2003ರಲ್ಲಿ ಪರೀಕ್ಷಿಸಿದ ಹತ್ತು ಮಂದಿ ನೆನಪಿನ ನಿಪುಣರ ಬುದ್ಧಿಮಟ್ಟವಾಗಲಿ ಮಿದುಳಿನ ರಚನೆಯಾಗಲಿ ಸಾಮಾನ್ಯರಿಗಿಂತ ಬೇರೆಯಾಗಿರಲಿಲ್ಲ. ಅವರಲ್ಲಿ ಒಂಬತ್ತು ಮಂದಿ ಸ್ಥಳವಿಧಾನ ಬಳಸುತ್ತಿದ್ದರು, ಮತ್ತು ಕಲಿಯುವಾಗ ಅವರ ಮಿದುಳಿನಲ್ಲಿ ದಾರಿ ಹಾಗೂ ಜಾಗಗಳ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಮುಂತಾದ ಭಾಗಗಳು ಹೆಚ್ಚು ಸಕ್ರಿಯವಾಗಿದ್ದವು.

ಈ ವಿಧಾನದ ಮಿತಿ ಕಾಣುವುದು ಎರಡನೆಯ ಪಟ್ಟಿಯಲ್ಲಿ. ಅದೇ ದಿನ ಅದೇ ಮನೆಗೆ ಇನ್ನೊಂದು ಪಟ್ಟಿ ತಂದರೆ ನಡುಮನೆಯಲ್ಲಿ ಹಳೆಯ ಬೆರಣಿಯೇ ಎದುರಾಗುತ್ತದೆ. ಹಾಗಾಗಿ ಹನ್ನೊಂದರಿಂದ ಇಪ್ಪತ್ತರವರೆಗಿನ ಧಾತುಗಳನ್ನು ನಾನು ಮನೆಯಲ್ಲಿಡದೆ, ಬಸ್ ನಿಲ್ದಾಣದಿಂದ ತುಂಗಾ ಸೇತುವೆಯವರೆಗಿನ ಅಂಗಡಿಗಳ ಸಾಲಿನಲ್ಲಿ ಇರಿಸಿದ್ದೇನೆ.