ಲಗ್ನಪತ್ರಿಕೆ ವಾಟ್ಸಾಪ್‌ಗೂ ಪ್ರೆಸ್ಸಿಗೂ: ಕ್ಯಾನ್ವಾ, ಇಂಕ್‌ಸ್ಕೇಪ್, ಸ್ಕ್ರೈಬಸ್ ಮೂರರಲ್ಲೂ ಮಾಡಿ ನೋಡಿದೆ

ಅಕ್ಕನ ಮಗಳ ಮದುವೆ ಪತ್ರಿಕೆಯ ಕೆಲಸ ನನ್ನ ಪಾಲಿಗೆ ಬಂತು. 5×7 ಇಂಚಿನ ಕಾರ್ಡು, ಅರಿಸಿನದ ಬಣ್ಣದ ಹಿನ್ನೆಲೆ, ಕೆಂಪು ಅಕ್ಷರ, ಮೇಲೆ ಗಣಪತಿ, ಸುತ್ತ ಬಾರ್ಡರ್. ಇದೇ ಡಿಸೈನನ್ನು ಕ್ಯಾನ್ವಾ, ಇಂಕ್‌ಸ್ಕೇಪ್, ಸ್ಕ್ರೈಬಸ್ ಅನ್ನುವ ಮೂರು ಡಿಸೈನ್ ಸಾಫ್ಟ್‌ವೇರ್‌ಗಳಲ್ಲೂ ಮಾಡಿ, ಪ್ರತಿಯೊಂದರಿಂದಲೂ ಫೋನಿಗೊಂದು ಚಿತ್ರ, ಪ್ರೆಸ್ಸಿಗೊಂದು ಪಿಡಿಎಫ್ ತೆಗೆದು ನೋಡಿದೆ. ಫೋನಿಗೆ ಕ್ಯಾನ್ವಾ ಗೆದ್ದಿತು, ಪ್ರೆಸ್ಸಿಗೆ ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಜೋಡಿ.

ಮೊದಲು ಫೋನಿನ ಚಿತ್ರ. ಕಾರ್ಡಿನ ಡಿಸೈನನ್ನೇ ಚಿತ್ರ ಮಾಡಿ ಕಳಿಸಿದರೆ ಸಾಕು ಅಂತ ಎಲ್ಲರಿಗೂ ಅನಿಸುತ್ತದೆ, ಆದರೆ ಸಾಲುವುದಿಲ್ಲ. ಕಾರ್ಡಿನ ಅಗಲ ಸುಮಾರು 12.7 ಸೆಂ.ಮೀ., ಫೋನಿನ ಪರದೆಯ ಅಗಲ 7 ಸೆಂ.ಮೀ. ಆಸುಪಾಸು. ಕಾರ್ಡಿನ ಮೇಲೆ 9 ಪಾಯಿಂಟ್ ಇರುವ ಅಕ್ಷರ ಪರದೆಯ ಮೇಲೆ 5 ಪಾಯಿಂಟಿಗೆ ಇಳಿಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಬೇರೆ ಇರುತ್ತೆ, ‘ಜ್ಯೇಷ್ಠ ಪುತ್ರಿ’ ಅನ್ನುವಲ್ಲಿ ಕೆಳಗಿನ ಒತ್ತುಗಳು ಬರೀ ಚುಕ್ಕಿಯ ಹಾಗೆ ಕಾಣುತ್ತವೆ. ಹಾಗಾಗಿ ಫೋನಿಗೆ ಬೇರೆ ಲೇಔಟ್ ಬೇಕೇ ಬೇಕು. ನಾನು 1080×1350 ಪಿಕ್ಸೆಲ್ ಇಟ್ಟುಕೊಂಡು, ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸ ಇಷ್ಟನ್ನು ಮಾತ್ರ ದೊಡ್ಡದಾಗಿ ಹಾಕಿದೆ. ಸುಖಾಗಮನ ಬಯಸುವವರ ಪಟ್ಟಿ ಕಾರ್ಡಿನಲ್ಲಿ ಇದ್ದೇ ಇರುತ್ತದೆ.

1350 ಯಾಕೆ ಅಂದರೆ, ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ನನ್ನ ಫೋನಿನಿಂದ ಹೋದ 1080×1920 ಚಿತ್ರ ಆ ಕಡೆ ತಲುಪುವಷ್ಟರಲ್ಲಿ ಅದರ ಉದ್ದ 1600ಕ್ಕೆ ಇಳಿದಿತ್ತು. 1350 ಉದ್ದದ್ದು ಅಳತೆ ಬದಲಾಗದೆ ಹೋಯಿತು. ಅಳತೆ ಉಳಿದರೂ ಜೆಪಿಇಜಿ ಹಿಂಡುವಿಕೆ ತಪ್ಪುವುದಿಲ್ಲ. ನೀವು ಪಿಎನ್‌ಜಿ ಕೊಟ್ಟರೂ ಅದು ಜೆಪಿಇಜಿ ಆಗಿಯೇ ತಲುಪುತ್ತದೆ. ಜೆಪಿಇಜಿ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಉಳಿಸಿಕೊಂಡು ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುತ್ತದೆ. ನಮ್ಮ ಪತ್ರಿಕೆಗಳ ಅಚ್ಚುಮೆಚ್ಚಿನ ಕೆಂಪು ಅಕ್ಷರಕ್ಕೆ ಇದರ ಪೆಟ್ಟು ಜಾಸ್ತಿ: ಅಂಚು ಕದಡಿ, ಅಕ್ಷರದ ಸುತ್ತ ಕಿತ್ತಳೆ ಬಣ್ಣದ ಮಬ್ಬು ಬರುತ್ತದೆ. ಫೋನಿನ ಪ್ರತಿಯಲ್ಲಿ ಗಾಢ ಮೆರೂನ್ ಅಕ್ಷರ, ತಿಳಿ ಹಳದಿ ಹಿನ್ನೆಲೆ ಮಾಡಿದ ಮೇಲೆ ಅದೇ ಸಾಲು ಸ್ಪಷ್ಟವಾಯಿತು, ಯಾಕೆಂದರೆ ಅಲ್ಲಿ ಬೆಳಕಿನ ವ್ಯತ್ಯಾಸ ದೊಡ್ಡದು.

ಡಾಕ್ಯುಮೆಂಟ್ ಆಗಿ ಕಳಿಸಿದರೆ ಒಂದು ಪಿಕ್ಸೆಲ್ಲೂ ಕೆಡುವುದಿಲ್ಲ, ನಿಜ. ಆದರೆ ಅದು ಫೈಲಿನ ಹಾಗೆ ಕೂರುತ್ತದೆ, ಒತ್ತಿ ತೆರೆಯಬೇಕು. ನಮ್ಮ ದೊಡ್ಡಪ್ಪನ ವಯಸ್ಸಿನವರು ಅದನ್ನು ತೆರೆಯುವುದೇ ಇಲ್ಲ. ನೆಂಟರಿಗೆ ಫೋಟೋ, ಪ್ರೆಸ್ಸಿಗೆ ಡಾಕ್ಯುಮೆಂಟ್.

ಈ ಕೆಲಸಕ್ಕೆ ಮೂರರಲ್ಲಿ ಕ್ಯಾನ್ವಾ ಸಲೀಸು. ಕನ್ನಡ ಸರಿಯಾಗಿ ಕೂರುತ್ತದೆ, ಫೋನಿನಲ್ಲೇ ತಿದ್ದಬಹುದು, ಪಿಎನ್‌ಜಿ ತಕ್ಷಣ ಸಿಗುತ್ತದೆ. ದುಡ್ಡು ಕೊಡದವರಿಗೆ ಒಂದು ಡಿಸೈನನ್ನು ಇನ್ನೊಂದು ಅಳತೆಗೆ ಒಂದೇ ಒತ್ತಿನಲ್ಲಿ ಬದಲಿಸುವ ಸೌಲಭ್ಯ ಇಲ್ಲ. ಹೊಸ ಅಳತೆಯ ಡಿಸೈನ್ ತೆರೆದು ಕಾಪಿ ಪೇಸ್ಟ್ ಮಾಡಬೇಕು. ನಮ್ಮದೇ ಫಾಂಟ್ ಹಾಕುವುದಕ್ಕೂ ಪ್ರೊ ಬೇಕು. ಇಂಕ್‌ಸ್ಕೇಪ್‌ನಲ್ಲಿ ಎಷ್ಟು ಪಿಕ್ಸೆಲ್ ಅಗಲ ಬೇಕು ಅಂತ ಬರೆದು ಪಿಎನ್‌ಜಿ ತೆಗೆಯಬಹುದು, ಫಲಿತಾಂಶವೂ ಅಷ್ಟೇ ಚೆನ್ನ, ಆದರೆ ಕಂಪ್ಯೂಟರ್ ಮುಂದೆ ಕೂರಬೇಕು. ಸ್ಕ್ರೈಬಸ್‌ನಿಂದ ಫೋನಿನ ಚಿತ್ರ ತೆಗೆಯುವ ಗೋಜಿಗೆ ಹೋಗಬೇಡಿ.

ಪ್ರೆಸ್ಸಿನ ಪಿಡಿಎಫ್‌ಗೆ ಬಂದರೆ ಲೆಕ್ಕವೇ ತಿರುಗಿಬಿಡುತ್ತದೆ. ಪತ್ರಿಕೆ ಅಚ್ಚು ಹಾಕುವ ನಮ್ಮ ಕಡೆಯ ಎಷ್ಟೋ ಪ್ರೆಸ್ಸುಗಳಲ್ಲಿ ಪಿಡಿಎಫ್ ಅನ್ನು ನೇರವಾಗಿ ಪ್ರಿಂಟಿಗೆ ಕೊಡುವುದಿಲ್ಲ. ಕೋರೆಲ್‌ಡ್ರಾನಲ್ಲಿ ತೆರೆದು ಹಾಳೆಯ ಮೇಲೆ ಜೋಡಿಸುತ್ತಾರೆ. ಒಳಗೆ ಅಕ್ಷರ ಅಕ್ಷರವಾಗಿಯೇ ಇದ್ದರೆ ಅಪಾಯ ಅಲ್ಲೇ. ಆ ಫಾಂಟ್ ಅವರ ಹತ್ತಿರ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂತು, ಒತ್ತುಗಳು ಪಕ್ಕಕ್ಕೆ ಹಾರುತ್ತವೆ. ಹಳೆಯ ನುಡಿ, ಬರಹ ಥರದ ಆಸ್ಕಿ ಫಾಂಟಿನಲ್ಲಿ ಬರೆದಿದ್ದರೆ ‘ಶ್ರೀ’ ಹೋಗಿ `²æÃ` ಆಗುತ್ತದೆ. ಆಮೇಲೆ ಅವರು ಮತ್ತೆ ಟೈಪ್ ಮಾಡಲು ಹೊರಟರೆ ಹೆಸರುಗಳಲ್ಲಿ ತಪ್ಪು ನುಸುಳುತ್ತದೆ. ಇದಕ್ಕೆಲ್ಲ ಒಂದೇ ಪರಿಹಾರ, ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಕೊಡುವುದು. ಪ್ರೆಸ್ಸಿನವರು ಇದನ್ನೇ ‘ಕರ್ವ್ ಮಾಡಿ ಕಳಿಸಿ’ ಅನ್ನುತ್ತಾರೆ.

ಕ್ಯಾನ್ವಾದಲ್ಲಿ `PDF Print` ಆಯ್ಕೆ ಇದೆ, `Crop marks and bleed` ಕೂಡ ಇದೆ, ಅದು ಒಳ್ಳೆಯದೇ. `Flatten PDF` ಗುರುತು ಹಾಕಿದರೆ ಅಕ್ಷರ ಒಡೆಯುವ ಭಯ ಹೋಗುತ್ತದೆ, ಆದರೆ ಇಡೀ ಪುಟ ಚಿತ್ರವಾಗಿಬಿಡುತ್ತದೆ. ಪಿಡಿಎಫ್ ತೆರೆದು 800% ಹಿಗ್ಗಿಸಿ ನೋಡಿ, ಚಿಕ್ಕ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಪಿಡಿಎಫ್ ಉಳಿಸುವಾಗ `Convert text to paths` ಆರಿಸಿದರೆ ಅದೇ 800%ನಲ್ಲೂ ‘ಜ್ಯೇಷ್ಠ’ದ ಒತ್ತು ಕೊರೆದಿಟ್ಟ ಹಾಗೆ ಇರುತ್ತದೆ. ಖಾತ್ರಿ ಮಾಡಿಕೊಳ್ಳಬೇಕು ಅಂದರೆ ಲಿನಕ್ಸ್‌ನಲ್ಲಿ ಹೀಗೆ:

```
pdffonts patrike.pdf
```

ಪಟ್ಟಿ ಖಾಲಿ ಬಂದರೆ ಒಳಗೆ ಫಾಂಟೇ ಇಲ್ಲ ಅಂತ. ಅದರ ಜೊತೆಗೆ ಪುಟ ಹಿಗ್ಗಿಸಿದಾಗ ಅಂಚು ನುಣುಪಾಗಿದ್ದರೆ ಎಲ್ಲ ರೇಖೆಗಳಾಗಿವೆ. ಮುಹೂರ್ತವೋ ಫೋನ್ ನಂಬರೋ ಕೊನೆಗೆ ಬದಲಾಗಬಹುದು ಅಲ್ವಾ, ಅಕ್ಷರ ಹಾಗೇ ಇರುವ ಮೂಲ ಫೈಲನ್ನು ಬೇರೆ ಎತ್ತಿಡಿ.

ಇಂಕ್‌ಸ್ಕೇಪ್‌ನ ಕೊರತೆ ಬಣ್ಣದ್ದು. ಅದರ ಪಿಡಿಎಫ್ ಬರುವುದು ಪರದೆಯ ಆರ್‌ಜಿಬಿ ಬಣ್ಣದಲ್ಲಿ. ಆಫ್‌ಸೆಟ್ ಪ್ರಿಂಟಿಗೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಈ ನಾಲ್ಕು ಶಾಯಿಯ ಸಿಎಂವೈಕೆ ಬೇಕು. ಪ್ರೆಸ್ಸಿನಲ್ಲಿ ಬದಲಾಯಿಸಲಿ ಬಿಡಿ ಅಂದರೆ ವಿಳಾಸದ ಕಪ್ಪು ಅಕ್ಷರ ನಾಲ್ಕೂ ಶಾಯಿಯಲ್ಲಿ ಒಡೆದುಕೊಳ್ಳಬಹುದು. ಆಗ ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಪಕ್ಕ ಬಣ್ಣದ ನೆರಳು ಕಾಣುತ್ತದೆ. ಕ್ಯಾನ್ವಾದಲ್ಲಿ ಸಿಎಂವೈಕೆ ಇದೆ, ಪ್ರೊ ಇದ್ದವರಿಗೆ.

ಸ್ಕ್ರೈಬಸ್ ಇಲ್ಲಿ ಕೈ ಹಿಡಿಯುತ್ತದೆ, ಅದೂ ಪುಕ್ಕಟೆಯಾಗಿ. ಇಂಕ್‌ಸ್ಕೇಪ್‌ನಲ್ಲಿ ರೇಖೆಗಳಾಗಿಸಿದ ಡಿಸೈನನ್ನು ಎಸ್‌ವಿಜಿ ಆಗಿ ಉಳಿಸಿ ಸ್ಕ್ರೈಬಸ್‌ಗೆ ತಂದೆ. ಅಲ್ಲಿ ಕೆಂಪಿಗೆ M 100, Y 100; ಹಳದಿಗೆ Y 100, M 15; ಕಪ್ಪಿಗೆ ಬರೀ K 100 ಅಂತ ಬರೆದೆ. ಪಿಡಿಎಫ್ ತೆಗೆಯುವಾಗ `Output Intended For` ಎದುರು `Printer` ಆರಿಸಬೇಕು. ಕಲಿಯಲು ಸ್ವಲ್ಪ ತಾಳ್ಮೆ ಬೇಕು, ಡಿಸೈನ್ ಮಾಡಲು ಇದು ಹಿತವಾದ ಜಾಗ ಅಲ್ಲ. ನಾನು ಅದನ್ನು ಕೊನೆಯ ಹಂತಕ್ಕೆ ಮಾತ್ರ ಬಳಸುತ್ತೇನೆ.

ಯಾವುದರಲ್ಲಿ ಮಾಡಿದರೂ ಬ್ಲೀಡ್ ಬಿಡಲೇಬೇಕು. ಹಳದಿ ಹಿನ್ನೆಲೆ ಕಾರ್ಡಿನ ಅಂಚಿನವರೆಗೂ ಇದ್ದರೆ, ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಚಾಚಿರಲಿ. ಅಂದರೆ 5×7 ಇಂಚಿನ ಕಾರ್ಡಿಗೆ ಸುಮಾರು 133×184 ಮಿ.ಮೀ. ಇಲ್ಲದಿದ್ದರೆ ಕಟಿಂಗ್ ಒಂದು ಮಿ.ಮೀ. ಜರುಗಿದರೂ ಅಂಚಲ್ಲಿ ಬಿಳಿ ಗೆರೆ ಉಳಿಯುತ್ತದೆ. ಬಾರ್ಡರನ್ನು ಅಂಚಿಗೆ ಅಂಟಿಸದೆ ಒಂದು 5 ಮಿ.ಮೀ. ಆದರೂ ಒಳಗಿಡಿ. ಆ ಒಂದು ಮಿ.ಮೀ. ವ್ಯತ್ಯಾಸ ಆಗ ಕಣ್ಣಿಗೆ ಹೊಡೆಯುವುದಿಲ್ಲ.

ಕಂಪ್ಯೂಟರೇ ಇಲ್ಲ, ಕ್ಯಾನ್ವಾ ಒಂದೇ ಗತಿ ಅನ್ನುವವರು `PDF Print`ನಲ್ಲಿ ಬ್ಲೀಡ್ ಹಾಕಿ, `Flatten` ಮಾಡಿ, ಅಕ್ಷರ 10 ಪಾಯಿಂಟಿಗಿಂತ ಕಡಿಮೆ ಇಡದೆ ಕೊಡಿ, ನಡೆಯುತ್ತದೆ. ಹಳದಿ ಕಾಗದದ ಮೇಲೆ ಅಚ್ಚು ಹಾಕಿಸುವುದಾದರೆ ಮಾತ್ರ ಹಿನ್ನೆಲೆಯ ಬಣ್ಣ ತೆಗೆದು ಕಳಿಸಿ, ಮತ್ತು ಅದೇ ಕಾಗದದ ಮೇಲೆ ಒಂದು ಪ್ರೂಫ್ ಕೇಳಿ ನೋಡಿಕೊಳ್ಳಿ.