ಮಂಡೇ ಡಾಟ್ ಕಾಮ್ ಸ್ಟ್ಯಾಂಡರ್ಡ್ ಪ್ಲಾನ್: ಸಣ್ಣ ಏಜೆನ್ಸಿಗೆ 250 ಆಕ್ಷನ್ ಸಾಲುತ್ತದೆಯೇ?

ಐದರಿಂದ ಹತ್ತು ಜನರ ಡಿಸೈನ್ ಅಥವಾ ಸೋಷಿಯಲ್ ಮೀಡಿಯಾ ಏಜೆನ್ಸಿ, ತಂಡದ ಕೆಲಸಗಳನ್ನು ಬೋರ್ಡುಗಳಲ್ಲಿ ನಿಭಾಯಿಸುವ ಆ್ಯಪ್ ಆದ ಮಂಡೇ ಡಾಟ್ ಕಾಮ್ ತೆಗೆದುಕೊಳ್ಳುವಾಗ ಹೆಚ್ಚಾಗಿ ಸ್ಟ್ಯಾಂಡರ್ಡ್ ಪ್ಲಾನಿಗೇ ಬರುತ್ತದೆ. ಬೇಸಿಕ್‌ನಲ್ಲಿ ಆಟೊಮೇಷನ್ ಇಲ್ಲ, ಪ್ರೊ ದುಬಾರಿ ಅನ್ನಿಸುತ್ತದೆ. ಸ್ಟ್ಯಾಂಡರ್ಡ್ ಒಳ್ಳೆಯ ಪ್ಲಾನ್ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಹಳಷ್ಟು ಏಜೆನ್ಸಿಗಳು ಒಬ್ಬರಿಗೆ ಎಷ್ಟು ಡಾಲರ್ ಎಂದು ಮಾತ್ರ ನೋಡಿ ಖರೀದಿಸುತ್ತವೆ, ಆಮೇಲೆ ತಿಂಗಳಿಗೆ 250 ಆಟೊಮೇಷನ್ ಆಕ್ಷನ್ ಎಂಬ ಮಿತಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಆ ಮಿತಿಯ ಲೆಕ್ಕ ಗೊತ್ತಿದ್ದರೆ ಸ್ಟ್ಯಾಂಡರ್ಡ್‌ನಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿ ಇರಬಹುದು.

ಮೊದಲು ಲೆಕ್ಕ ಹೇಗೆ ಬೀಳುತ್ತದೆ ಎಂದು ನೋಡೋಣ. ಒಂದು ಆಟೊಮೇಷನ್‌ನಲ್ಲಿ "ಇದು ಆದಾಗ" ಎಂಬ ಭಾಗಕ್ಕೆ ಲೆಕ್ಕವಿಲ್ಲ, "ಇದನ್ನು ಮಾಡು" ಎಂಬ ಪ್ರತಿ ಭಾಗಕ್ಕೂ ಒಂದೊಂದು ಆಕ್ಷನ್ ಹೋಗುತ್ತದೆ. ಸ್ಟೇಟಸ್ ಬದಲಾದಾಗ ಒಬ್ಬರಿಗೆ ಕೆಲಸ ಹಚ್ಚಿ, ಅವರಿಗೆ ನೋಟಿಫಿಕೇಷನ್ ಕಳಿಸಿ, ಐಟಂ ಅನ್ನು ಬೇರೆ ಗುಂಪಿಗೆ ಸರಿಸಿದರೆ, ಒಂದೇ ಆಟೊಮೇಷನ್ ಆದರೂ ಮೂರು ಆಕ್ಷನ್. ಈ 250 ಇಡೀ ಅಕೌಂಟಿಗೆ ಸೇರಿದ್ದು. ಸೀಟು ಹೆಚ್ಚು ಕೊಂಡರೆ ಅದು ಹೆಚ್ಚುವುದಿಲ್ಲ. ಇಂಟಿಗ್ರೇಷನ್‌ಗಳಿಗೆ ಬೇರೆ 250 ಇದೆ, ಎರಡನ್ನೂ ಕೂಡಿಸಿಕೊಳ್ಳಬೇಡಿ.

ಒಂದು ನಿಜದಂಥ ಲೆಕ್ಕ ಹಾಕೋಣ. ಏಳು ಜನರ ಏಜೆನ್ಸಿ, ಆರು ಕ್ಲೈಂಟ್‌ಗಳು, ಒಬ್ಬೊಬ್ಬರಿಗೆ ತಿಂಗಳಿಗೆ 20 ಪೋಸ್ಟ್. ಅಂದರೆ 120 ಐಟಂ. ಪ್ರತಿ ಪೋಸ್ಟ್ ಡಿಸೈನ್‌ಗೆ ಬಂದಾಗ ಡಿಸೈನರ್‌ಗೆ ಹಚ್ಚಿ ನೋಟಿಫಿಕೇಷನ್ ಕಳಿಸುವುದಕ್ಕೆ ಎರಡು ಆಕ್ಷನ್. ಒಳಗಿನ ರಿವ್ಯೂಗೆ ಬಂದಾಗ ಒಂದು. ಕ್ಲೈಂಟ್ ಒಪ್ಪಿಗೆಗೆ ಹೋದಾಗ ನೋಟಿಫಿಕೇಷನ್ ಮತ್ತು ಗುಂಪು ಬದಲಾವಣೆ ಸೇರಿ ಎರಡು. ಒಪ್ಪಿಗೆ ಸಿಕ್ಕಾಗ ಮತ್ತೆ ಅದೇ ಎರಡು. ಒಟ್ಟು ಪೋಸ್ಟಿಗೆ ಏಳು, 120 ಪೋಸ್ಟಿಗೆ 840. ಮೂರರಲ್ಲಿ ಒಂದು ತಿದ್ದುಪಡಿಗೆ ವಾಪಸ್ ಬರುತ್ತದೆ ಎಂದುಕೊಂಡರೆ 40 ಪೋಸ್ಟ್. ತಿದ್ದುಪಡಿಯ ನೋಟಿಫಿಕೇಷನ್ ಒಂದು, ಮತ್ತೆ ಒಪ್ಪಿಗೆಗೆ ಹೋಗುವಾಗ ಎರಡು, ಹೀಗೆ ಇನ್ನೂ 120 ಸೇರುತ್ತದೆ. ಒಟ್ಟು 960. 26 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 37. ತಿಂಗಳ ಕೋಟಾ ಏಳನೇ ಕೆಲಸದ ದಿನವೇ ಮುಗಿಯಿತು.

ಮುಗಿದ ಮೇಲೆ ಆಗುವುದೇ ನಿಜವಾದ ತೊಂದರೆ. ಬೋರ್ಡ್ ಎಂದಿನಂತೆಯೇ ಕಾಣುತ್ತದೆ. ಸ್ಟೇಟಸ್ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ, ಆದರೆ ಹಿಂದೆ ನಡೆಯಬೇಕಾದ್ದು ನಡೆಯುವುದಿಲ್ಲ. ಕ್ಲೈಂಟ್ ಒಪ್ಪಿಗೆ ಒತ್ತಿ ಎರಡು ದಿನವಾದರೂ ಪೋಸ್ಟ್ ಹಾಕುವವರಿಗೆ ಸುದ್ದಿಯೇ ಇರುವುದಿಲ್ಲ. ತಿಂಗಳ ಮೊದಲ ದಿನ ಕೋಟಾ ಹೊಸದಾಗಿ ಶುರುವಾಗುತ್ತದೆ, ಆದರೆ ನಡುವೆ ತಪ್ಪಿಹೋದ ನೋಟಿಫಿಕೇಷನ್‌ಗಳು ಹಿಂದಿನಿಂದ ಬರುವುದಿಲ್ಲ. ಹಾಗಾಗಿ ಒಪ್ಪಿಗೆಯಾದ ಕೆಲಸ ಸುಮ್ಮನೆ ಕೂತಿದ್ದು ಕಂಡರೆ ಯಾರನ್ನೂ ಬೈಯುವ ಮೊದಲು ಬೋರ್ಡಿನ ಆಟೊಮೇಷನ್ ಸೆಂಟರ್ ತೆರೆದು `Run history` ನೋಡಿ. ಕೊನೆಯ ಓಟ ನಾಲ್ಕು ದಿನ ಹಿಂದಿನದಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಇಡೀ ಅಕೌಂಟಿನ ಬಳಕೆಯನ್ನೂ ಅಡ್ಮಿನ್ ನೋಡಬಹುದು. ತಿಂಗಳ 10ನೇ ತಾರೀಖಿಗೆ ಒಮ್ಮೆ ನೋಡುವ ಅಭ್ಯಾಸ ಒಳ್ಳೆಯದು. ಆ ಹೊತ್ತಿಗೆ 80ರ ಆಸುಪಾಸು ಇದ್ದರೆ ತಿಂಗಳು ದಾಟುತ್ತದೆ.

ಈಗ 960 ಅನ್ನು 250ರ ಒಳಗೆ ತರುವುದು ಹೇಗೆ? ಮೊದಲು ಕೈಬಿಡಬೇಕಾದ್ದು, ಕೆಲಸ ಹಚ್ಚಿದ ಮೇಲೆ ಕಳಿಸುವ ನೋಟಿಫಿಕೇಷನ್. ಪೀಪಲ್ ಕಾಲಮ್‌ನಲ್ಲಿ ಒಬ್ಬರ ಹೆಸರು ಹಾಕಿದ ಕೂಡಲೇ ಮಂಡೇ ತಾನಾಗಿಯೇ ಅವರಿಗೆ ತಿಳಿಸುತ್ತದೆ, ಅದಕ್ಕೆ ಕೋಟಾ ಖರ್ಚಾಗುವುದಿಲ್ಲ. ಮೇಲೆ ಇನ್ನೊಂದು ನೋಟಿಫಿಕೇಷನ್ ಕಳಿಸಿದರೆ ಡಿಸೈನರ್‌ಗೆ ಒಂದೇ ಸುದ್ದಿ ಎರಡು ಸಲ ಬರುತ್ತದೆ, ಅಷ್ಟೇ. ಕೆಲಸ ಹಚ್ಚುವುದನ್ನೂ ಆಟೊಮೇಷನ್‌ಗೆ ಬಿಡಬೇಕಿಲ್ಲ. ಕ್ಲೈಂಟಿಗೊಬ್ಬ ಡಿಸೈನರ್ ನಿಗದಿಯಾಗಿದ್ದರೆ, ಹೆಸರು ತುಂಬಿಟ್ಟ 20 ಐಟಂಗಳ ಒಂದು ಗುಂಪನ್ನು ಮಾದರಿಯಾಗಿ ಇಟ್ಟುಕೊಂಡು ತಿಂಗಳಿಗೊಮ್ಮೆ ಡೂಪ್ಲಿಕೇಟ್ ಮಾಡಿದರೆ ಸಾಕು.

ಎರಡನೆಯದು, ಗುಂಪಿನಿಂದ ಗುಂಪಿಗೆ ಸರಿಸುವ ಆಟೊಮೇಷನ್. ನೋಡಲು ಚೆಂದ, ಆದರೆ ಕೋಟಾ ತಿನ್ನುವುದರಲ್ಲಿ ಇದೇ ಮುಂದು. ಸ್ಟೇಟಸ್ ಆಧಾರದ ಕಾನ್ಬಾನ್ ನೋಟ ಅಥವಾ ಫಿಲ್ಟರ್ ಹಾಕಿ ಸೇವ್ ಮಾಡಿದ ನೋಟ ಇಟ್ಟರೆ ಅದೇ ಪರಿಣಾಮ ಪುಕ್ಕಟೆ ಸಿಗುತ್ತದೆ. ಮೂರನೆಯದು, ರಿವ್ಯೂ ಮತ್ತು ಕ್ಲೈಂಟಿಗೆ ತೋರಿಸುವ ಹಂತ. ಅಲ್ಲಿ ಫೈಲ್ ಹಾಕುವವರು ಅಪ್‌ಡೇಟ್ ಬರೆದೇ ಬರೆಯುತ್ತಾರೆ. ಅದರಲ್ಲೇ `@` ಹಾಕಿ ಸಂಬಂಧಪಟ್ಟವರ ಹೆಸರು ಬರೆದರೆ ನೋಟಿಫಿಕೇಷನ್ ಹೋಗುತ್ತದೆ, ಆಕ್ಷನ್ ಉಳಿಯುತ್ತದೆ.

ಇಷ್ಟು ಮಾಡಿದರೆ ಉಳಿಯುವುದು ಎರಡೇ ಆಟೊಮೇಷನ್: ಒಪ್ಪಿಗೆ ಸಿಕ್ಕಾಗ ಒಂದು ನೋಟಿಫಿಕೇಷನ್, ತಿದ್ದುಪಡಿ ಬಂದಾಗ ಒಂದು. ಇವೆರಡನ್ನು ಬಿಡಬಾರದು, ಏಕೆಂದರೆ ಆ ಸ್ಟೇಟಸ್ ಬದಲಿಸುವುದು ಕ್ಲೈಂಟ್, ಅವರು `@` ಹಾಕುತ್ತಾರೆ ಎಂದು ನಂಬಿ ಕೂರಲಾಗದು. 120 ಮತ್ತು 40 ಸೇರಿ 160. ಕೋಟಾದಲ್ಲಿ ಇನ್ನೂ 90 ಉಳಿಯಿತು.

ಆ 90ರಲ್ಲಿ ದೊಡ್ಡ ಪಾಲನ್ನು ಒಂದೇ ಕ್ಲಿಕ್ಕಿನಲ್ಲಿ ಕಳೆದುಕೊಳ್ಳುವ ದಾರಿಯೂ ಇದೆ. ತಿಂಗಳ ಕೊನೆಯಲ್ಲಿ ಬೋರ್ಡ್ ಸ್ವಚ್ಛ ಮಾಡಲು ಹೊರಟವರು ಹಳೆಯ 60 ಐಟಂಗಳನ್ನು ಒಟ್ಟಿಗೆ ಆರಿಸಿ ಸ್ಟೇಟಸ್ "ಒಪ್ಪಿಗೆ" ಎಂದು ಬದಲಿಸಿದರೆ ಆಟೊಮೇಷನ್ 60 ಸಲ ಓಡುತ್ತದೆ. 60 ಆಕ್ಷನ್ ಹೋಗುವುದಲ್ಲದೆ ಒಬ್ಬರ ಫೋನಿಗೆ 60 ನೋಟಿಫಿಕೇಷನ್ ಬೀಳುತ್ತದೆ. ಹಳೆಯದನ್ನು ತೆಗೆಯಬೇಕಾದರೆ ಸ್ಟೇಟಸ್ ಮುಟ್ಟದೆ ನೇರವಾಗಿ ಆರ್ಕೈವ್ ಮಾಡಿ. ಸ್ಟೇಟಸ್ ಬದಲಿಸಲೇಬೇಕಿದ್ದರೆ ಆ ಆಟೊಮೇಷನ್ ಅನ್ನು ಆಫ್ ಮಾಡಿ, ಕೆಲಸ ಮುಗಿದ ಮೇಲೆ ಆನ್ ಮಾಡಿ.

ಗೆಸ್ಟ್‌ಗಳ ವಿಷಯಕ್ಕೆ, ಅಂದರೆ ಬೋರ್ಡಿಗೆ ಸೇರಿಸಿಕೊಳ್ಳುವ ಕ್ಲೈಂಟ್‌ಗಳಂಥ ಹೊರಗಿನವರ ವಿಷಯಕ್ಕೆ ಬಂದರೆ, ಸ್ಟ್ಯಾಂಡರ್ಡ್‌ನಲ್ಲಿ ನಾಲ್ಕು ಗೆಸ್ಟ್‌ಗಳಿಗೆ ಒಂದು ಸೀಟು ಲೆಕ್ಕ. ಸೀಟುಗಳು ಬಿಡಿಯಾಗಿ ಸಿಗುವುದಿಲ್ಲ, 3, 5, 10, 15 ಹೀಗೆ ಕಟ್ಟಾಗಿ ಕೊಳ್ಳಬೇಕು. ಏಳು ಜನರ ಏಜೆನ್ಸಿ ಹೇಗೂ 10 ಸೀಟು ಕೊಂಡಿರುತ್ತದೆ, ಮೂರು ಖಾಲಿ ಇರುತ್ತವೆ. ಅದರಲ್ಲಿ 12 ಗೆಸ್ಟ್‌ಗಳು ಕೂರುತ್ತಾರೆ, ಆರು ಕ್ಲೈಂಟ್‌ಗಳಿಗೆ ತಲಾ ಇಬ್ಬರಂತೆ. ಅದನ್ನು ದಾಟಿ 16 ಗೆಸ್ಟ್ ಆದರೆ ಬೇಕಾಗುವುದು 11 ಸೀಟು, ಕೊಳ್ಳಬೇಕಾದ್ದು 15. ಆದ್ದರಿಂದ ಕ್ಲೈಂಟ್ ಕಡೆಯಿಂದ ಒಪ್ಪಿಗೆ ಕೊಡುವ ಒಬ್ಬರು, ಅವರಿಲ್ಲದಾಗ ನೋಡುವ ಒಬ್ಬರು, ಅಷ್ಟಕ್ಕೇ ನಿಲ್ಲಿಸಿ. ಕಾಂಟ್ರಾಕ್ಟ್ ಮುಗಿದವರನ್ನು ಬೋರ್ಡಿನಿಂದ ತೆಗೆದು ಸುಮ್ಮನಾಗದೆ, ಅಡ್ಮಿನಿಸ್ಟ್ರೇಷನ್‌ನ ಯೂಸರ್ಸ್ ಪಟ್ಟಿಯಲ್ಲಿ ಡಿಆಕ್ಟಿವೇಟ್ ಮಾಡಿ. ಏಜೆನ್ಸಿಯದೇ ಡೊಮೇನ್‌ನ ಇಮೇಲ್ ಇರುವ ಫ್ರೀಲಾನ್ಸರ್‌ನನ್ನು ಗೆಸ್ಟ್ ಮಾಡಲಾಗುವುದಿಲ್ಲ, ಅವರ ಸ್ವಂತ ಇಮೇಲ್ ಬಳಸಿ. ವ್ಯೂವರ್‌ಗೆ ದುಡ್ಡಿಲ್ಲ ಎಂದು ಕ್ಲೈಂಟನ್ನು ವ್ಯೂವರ್ ಆಗಿ ಸೇರಿಸಬೇಡಿ. ವ್ಯೂವರ್ ಅಂದರೆ ನಿಮ್ಮ ಅಕೌಂಟಿನ ಒಳಗಿನವರು, ಮೇನ್ ಬೋರ್ಡ್‌ಗಳು ಅವರ ಕಣ್ಣಿಗೆ ಬೀಳುತ್ತವೆ, ಇನ್ನೊಬ್ಬ ಕ್ಲೈಂಟಿನದೂ ಸೇರಿ.

ಗೆಸ್ಟ್ ಸೇರುವುದು ಶೇರಬಲ್ ಬೋರ್ಡಿಗೆ ಮಾತ್ರ. ಸೇರಿದ ಮೇಲೆ ಆ ಬೋರ್ಡಿನ ಎಲ್ಲ ಕಾಲಮ್ ಅವರಿಗೆ ಸಿಗುತ್ತದೆ. ನೋಟದಲ್ಲಿ ಕಾಲಮ್ ಮರೆಮಾಡುವುದು ರಕ್ಷಣೆಯಲ್ಲ, ಮತ್ತೆ ತೆರೆದು ನೋಡಬಹುದು. ಕಾಲಮ್‌ಗೆ ಅನುಮತಿ ಕಟ್ಟುವುದು, ಪ್ರೈವೇಟ್ ಬೋರ್ಡ್ ಮಾಡುವುದು ಎರಡೂ ಪ್ರೊನಲ್ಲೇ. ಹಾಗಾಗಿ ದರ, ಫ್ರೀಲಾನ್ಸರ್ ಖರ್ಚು, ಗಂಟೆಗಳು ಇರುವ ಬೋರ್ಡನ್ನು ಮೇನ್ ಬೋರ್ಡ್ ಆಗಿ ಬೇರೆಯೇ ಇಡಿ. ನಿಮ್ಮ ಏಳು ಜನರೂ ಅದನ್ನು ನೋಡುತ್ತಾರೆ ಎಂಬುದು ಒಪ್ಪಿಗೆ ಇಲ್ಲದಿದ್ದರೆ, ಗೆಸ್ಟ್‌ಗಳಿಲ್ಲದ ಬೇರೊಂದು ಶೇರಬಲ್ ಬೋರ್ಡ್ ಮಾಡಿ ಬೇಕಾದವರನ್ನಷ್ಟೇ ಸೇರಿಸಿ, ಸೇರಿಸದವರಿಗೆ ಅದು ಕಾಣುವುದಿಲ್ಲ.

ಕಾಲಮ್‌ಗಳಲ್ಲೂ ಇದೇ ಗೆರೆ. ಫಾರ್ಮುಲಾ ಮತ್ತು ಟೈಮ್ ಟ್ರ್ಯಾಕಿಂಗ್ ಪ್ರೊಗೆ ಸೇರಿದ್ದು. ತಿಂಗಳಿಗೆ 40 ಗಂಟೆ ಎಂದು ಒಪ್ಪಂದ ಇರುವ ಕ್ಲೈಂಟಿಗೆ ಎಷ್ಟು ಉಳಿದಿದೆ ಎಂದು ಸ್ಟ್ಯಾಂಡರ್ಡ್ ಕಳೆದು ತೋರಿಸುವುದಿಲ್ಲ. ನಂಬರ್ಸ್ ಕಾಲಮ್ ಹಾಕಿ, ಗುಂಪಿನ ಹೆಸರಲ್ಲೇ "40 ಗಂಟೆ" ಎಂದು ಬರೆದಿಟ್ಟರೆ, ಗುಂಪಿನ ಕೆಳಗೆ ಬರುವ ಮೊತ್ತವನ್ನು ತಲೆಬರಹದ ಜೊತೆ ಒಂದು ನೋಟಕ್ಕೇ ಹೋಲಿಸಬಹುದು. ಆರು ಕ್ಲೈಂಟ್‌ಗಳಿಗೆ ಇದು ಸಾಕು. ಗಂಟೆ ಲೆಕ್ಕದಲ್ಲೇ ಬಿಲ್ ಮಾಡುವ ಏಜೆನ್ಸಿಗೆ ಸಾಲದು.

ವರ್ಷಕ್ಕೊಮ್ಮೆ ಕಟ್ಟುವ ದರದಲ್ಲಿ ಸ್ಟ್ಯಾಂಡರ್ಡ್ ಸೀಟಿಗೆ ತಿಂಗಳಿಗೆ 12 ಡಾಲರ್, ಪ್ರೊ 19 ಡಾಲರ್ ಎಂದು ಹಿಡಿದರೆ, 10 ಸೀಟಿಗೆ 120 ಮತ್ತು 190. ವ್ಯತ್ಯಾಸ ತಿಂಗಳಿಗೆ 70, ವರ್ಷಕ್ಕೆ 840 ಡಾಲರ್. ಪ್ರೊನಲ್ಲಿ 25,000 ಆಕ್ಷನ್ ಸಿಗುತ್ತದೆ, ಗೆಸ್ಟ್‌ಗಳಿಗೆ ಲೆಕ್ಕವೇ ಇಲ್ಲ. ನಡುವೆ 1,000 ಆಕ್ಷನ್‌ನ ಒಂದು ಮೆಟ್ಟಿಲು ಇರಬೇಕಿತ್ತು, ಸಣ್ಣ ಏಜೆನ್ಸಿಗೆ ನಿಜವಾಗಿ ಬೇಕಾದ್ದು ಅದೇ. ಆಟೊಮೇಷನ್ ಒಂದಕ್ಕಾಗಿ ಪ್ರೊಗೆ ಹೋಗುವುದು ನನ್ನ ಪ್ರಕಾರ ದಂಡ. ಗಂಟೆಯ ಬಿಲ್ಲಿಂಗ್, ಪ್ರೈವೇಟ್ ಬೋರ್ಡ್ ಮತ್ತು 12ಕ್ಕಿಂತ ಹೆಚ್ಚು ಗೆಸ್ಟ್, ಈ ಮೂರರಲ್ಲಿ ಎರಡು ಬೇಕಿದ್ದರೆ ಹೋಗಿ.

ಇದೇ ಕೆಲಸವನ್ನು ಇಂಥದ್ದೇ ಇನ್ನೊಂದು ಆ್ಯಪ್ ಆದ ಟ್ರೆಲ್ಲೊಗೆ ಹಾಕಿ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಒಂದು ನಿಯಮ ಒಮ್ಮೆ ಓಡಿ ಮೂರು ಕೆಲಸ ಮಾಡಿದರೂ ಒಂದೇ ರನ್. ಮೊದಲಿನ ನಾಲ್ಕು ಹಂತಗಳನ್ನು ಏನೂ ಕತ್ತರಿಸದೆ ಇಟ್ಟರೂ 120 ಕಾರ್ಡಿಗೆ 480, ತಿದ್ದುಪಡಿಗೆ 80, ಒಟ್ಟು 560. ಟ್ರೆಲ್ಲೊದ ಸ್ಟ್ಯಾಂಡರ್ಡ್ ಪ್ಲಾನಿನ ಕೋಟಾ ವರ್ಕ್‌ಸ್ಪೇಸಿಗೆ ತಿಂಗಳಿಗೆ 1,000. ವರ್ಷದ ದರ ಒಬ್ಬರಿಗೆ ತಿಂಗಳಿಗೆ 5 ಡಾಲರ್, ಏಳು ಜನಕ್ಕೆ 35. ಒಂದೇ ಬೋರ್ಡಿನಲ್ಲಿರುವ ಗೆಸ್ಟ್‌ಗೆ ಹಣವಿಲ್ಲ, ಆದರೆ ಎರಡು ಬ್ರ್ಯಾಂಡ್ ನೋಡಿಕೊಳ್ಳುವ ಕ್ಲೈಂಟ್ ಎರಡು ಬೋರ್ಡಿಗೆ ಬಂದರೆ ಮೆಂಬರ್‌ನಂತೆಯೇ ಬಿಲ್ ಆಗುತ್ತಾರೆ. ಕಸ್ಟಮ್ ಫೀಲ್ಡ್ ಇದೆ, ಆದರೆ ಅದು ತಾನಾಗಿ ಮೊತ್ತ ಕೂಡಿಸುವುದಿಲ್ಲ. ಗಂಟೆ ಲೆಕ್ಕ ಬೇಡದ, ಬರೀ ಒಪ್ಪಿಗೆಯ ಸುತ್ತು ಬೇಕಾದವರಿಗೆ ಮೊದಲು ಟ್ರೆಲ್ಲೊವನ್ನೇ ಹೇಳುತ್ತೇನೆ.

ಮೂರನೆಯ ಆಯ್ಕೆಯಾಗಿ ಕ್ಲಿಕ್‌ಅಪ್ ಆ್ಯಪ್‌ನ ಉಚಿತ ಪ್ಲಾನಿನಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಕಸ್ಟಮ್ ಫೀಲ್ಡ್‌ಗೆ 60 ಬಳಕೆಯ ಮಿತಿ ಇದೆ, ಮತ್ತು ಬಳಕೆ ಅಂದರೆ ಫೀಲ್ಡ್‌ಗಳ ಸಂಖ್ಯೆಯಲ್ಲ, ಫೀಲ್ಡ್‌ನಲ್ಲಿ ಮಾಹಿತಿ ತುಂಬಿದ ಅಥವಾ ಬದಲಿಸಿದ ಪ್ರತಿ ಸಲ. ತಿಂಗಳಾದರೂ ಅದು ಸೊನ್ನೆಗೆ ಮರಳುವುದಿಲ್ಲ. ಮೂರು ಫೀಲ್ಡ್ ಇರುವ ಪಟ್ಟಿಯಲ್ಲಿ 20 ಟಾಸ್ಕ್ ತುಂಬಿದರೆ ಅಲ್ಲಿಗೆ ಮುಗಿಯಿತು. ಪ್ರಯೋಗಕ್ಕೆ ಒಬ್ಬ ಕ್ಲೈಂಟ್, ಒಂದು ಫೀಲ್ಡ್, ಐದಾರು ಟಾಸ್ಕ್ ಇಟ್ಟುಕೊಂಡು ನೋಡಿ.