ರಾತ್ರಿ ಕಾಲ್, ಬೆಳಗಿನ ಬಾಟ್, ಸಂಜೆಯ ನಾಲ್ಕು ಸಾಲು: ದೂರದೂರದ ಟೀಮಿನ ಸ್ಟ್ಯಾಂಡಪ್‌ಗೆ ಯಾವುದು ಸರಿ?

ಯಾರ ಕೆಲಸ ಎಲ್ಲಿಗೆ ಬಂತು, ಎಲ್ಲಿ ನಿಂತಿದೆ ಅಂತ ಟೀಮಿನವರು ದಿನಾ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಸ್ಟ್ಯಾಂಡಪ್. ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಸಂಜೆ ಕೆಲಸ ಮುಗಿಸುವಾಗ ಪ್ರತಿ ಕೆಲಸಕ್ಕೂ ಇರುವ ಆನ್‌ಲೈನ್ ಟಾಸ್ಕ್ ಕಾರ್ಡಿನ ಮೇಲೆಯೇ ಬರೆಯುವ ನಾಲ್ಕು ಸಾಲಿಗೆ. ಅದಕ್ಕೆ ದುಡ್ಡು ಬೇಡ, ಹೊಸ ಆ್ಯಪ್ ಬೇಡ. ಇಲ್ಲಿಗೆ ಬಂದು ನಿಲ್ಲುವ ಮುಂಚೆ ನಮ್ಮ ಟೀಮು ರಾತ್ರಿಯ ವಿಡಿಯೊ ಕಾಲ್, ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟುವ ಬಾಟ್, ಎಲ್ಲರೂ ತುಂಬುವ ಶೀಟ್ ಎಲ್ಲವನ್ನೂ ಬಳಸಿ ನೋಡಿದೆ.

ನಾನು ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಇಬ್ಬರು ಬರ್ಲಿನ್‌ನಲ್ಲಿ, ಒಬ್ಬರು ಸಿಯಾಟಲ್‌ನಲ್ಲಿ. ಬೇಸಿಗೆಯ ಲೆಕ್ಕದಲ್ಲಿ ನಮಗೆ ಮಧ್ಯಾಹ್ನ 12:30 ಆದಾಗ ಬರ್ಲಿನ್‌ನಲ್ಲಿ ಬೆಳಿಗ್ಗೆ 9. ನಮಗೆ ರಾತ್ರಿ 9:30 ಆದಾಗ ಸಿಯಾಟಲ್‌ನಲ್ಲಿ ಬೆಳಿಗ್ಗೆ 9. ಅಂದರೆ ಬರ್ಲಿನ್‌ನವರ ಜೊತೆ ಅರ್ಧ ದಿನ ಸಿಗುತ್ತದೆ, ಸಿಯಾಟಲ್‌ನವರ ಜೊತೆ ಒಂದು ಗಂಟೆಯೂ ಸಿಗುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ರಾತ್ರಿ ಕಾಲ್

ಎಲ್ಲರೂ ಎಚ್ಚರ ಇರುವ ಹೊತ್ತು ಅಂತ ರಾತ್ರಿ 9ಕ್ಕೆ ಇಟ್ಟಿದ್ದೆವು. ಸಿಯಾಟಲ್‌ನವರಿಗೆ ಬೆಳಿಗ್ಗೆ 8:30, ಬರ್ಲಿನ್‌ನವರಿಗೆ ಸಂಜೆ 5:30. ಮಾತು ಚೆನ್ನಾಗಿಯೇ ನಡೆಯುತ್ತಿತ್ತು, ಮುಖ ನೋಡಿದ ಖುಷಿಯೂ ಇತ್ತು. ಆದರೆ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೇ ಭಾನುವಾರ. ನಮ್ಮಲ್ಲಿ ಗಡಿಯಾರ ಅಲುಗಾಡುವುದೇ ಇಲ್ಲ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕಿದ್ದು ಸಿಯಾಟಲ್‌ನವರು, ಹಾಗಾಗಿ ಅದು ಅವರ ಊರಿನ ಸಮಯಕ್ಕೇ ಅಂಟಿಕೊಂಡಿರುತ್ತದೆ. ಚಳಿಗಾಲಕ್ಕೆ ಅಲ್ಲಿ ಗಡಿಯಾರ ಹಿಂದಕ್ಕೆ ಬಂದಾಗ ನಮಗೆ ಅದೇ ಕಾಲ್ ರಾತ್ರಿ 10ಕ್ಕೆ ಹೋಯಿತು. ಮಾರ್ಚ್‌ನಲ್ಲಿ ಮತ್ತೆ 9ಕ್ಕೆ ಬಂದಾಗ ಬರ್ಲಿನ್‌ನವರಿಗೆ ಕೆಲವು ವಾರ 5:30ರ ಬದಲು 4:30. ಮಗುವನ್ನು ಶಾಲೆಯಿಂದ ಕರೆತರುವ ಹೊತ್ತದು ಅಂತ ಒಬ್ಬರು ಬರುವುದನ್ನೇ ಬಿಟ್ಟರು.

ಮಳೆಗಾಲದ್ದು ಬೇರೆಯೇ ಕತೆ. ಜುಲೈನಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಮೊಬೈಲ್ ನೆಟ್‌ನಲ್ಲಿ ವಿಡಿಯೊ ನಿಂತು ನಿಂತು ಓಡುತ್ತದೆ. ನಾಲ್ಕು ಸಾಲು ಬರಹ ಹೇಗೋ ದಾಟಿಬಿಡುತ್ತದೆ, ಸಿಗ್ನಲ್ ಬಂದ ಕ್ಷಣಕ್ಕೆ ಹೋಗುತ್ತದೆ.

ಶೀಟ್

ಒಂದು ಸಾಲು, ಒಂದು ಹೆಸರು, ಒಂದು ದಿನ. ಯಾರು ತುಂಬಿದರು ಅಂತ ಯಾರಿಗೂ ತಿಳಿಯುವುದಿಲ್ಲ, ನೋಡಲೂ ಯಾರೂ ಹೋಗುವುದಿಲ್ಲ. ಬೇಗ ಬಿಟ್ಟೆವು.

ಬೆಳಗಿನ ಬಾಟ್

ಇದಕ್ಕೆ ನಾವು ದುಡ್ಡು ಕೊಟ್ಟಿದ್ದೆವು. ತಲೆಗಿಷ್ಟು ಅಂತ ಪ್ರತಿ ತಿಂಗಳು. ಬಾಟ್ ಪ್ರತಿಯೊಬ್ಬರಿಗೂ ಅವರವರ ಊರಿನ ಬೆಳಿಗ್ಗೆ 9:30ಕ್ಕೆ ಮೂರು ಪ್ರಶ್ನೆ ಕೇಳುತ್ತದೆ. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಏನಾದರೂ ಅಡ್ಡಿ ಇದೆಯಾ. ಉತ್ತರಗಳನ್ನೆಲ್ಲ ಒಂದು ಚಾನೆಲ್‌ಗೆ ಹಾಕುತ್ತದೆ. ನೋಡಲು ತುಂಬಾ ಅಚ್ಚುಕಟ್ಟು. ಯಾರೂ ನಿದ್ದೆಗೆಡಬೇಕಿಲ್ಲ ಅಂತ ಎಲ್ಲರಿಗೂ ಸಮಾಧಾನ ಆಗಿತ್ತು.

ತೊಂದರೆ ಎಲ್ಲಿದೆ ಅಂತ ಹೇಳಲು ಒಂದು ಘಟನೆ ಪೂರ್ತಿ ಹೇಳಬೇಕು. ನಾನು ಗ್ರಾಹಕರಿಗೆ ಹಣ ವಾಪಸ್ ಕೊಡುವ ಭಾಗವನ್ನು ಟೆಸ್ಟ್ ಮಾಡುತ್ತಿದ್ದೆ. ಮಂಗಳವಾರ ಬೆಳಿಗ್ಗೆ 9:30ಕ್ಕೆ ಬಾಟ್ ಕೇಳಿತು. 'ಇವತ್ತು ರೀಫಂಡ್ ಟೆಸ್ಟ್, ಅಡ್ಡಿ ಇಲ್ಲ' ಅಂತ ಬರೆದೆ. ಆ ಹೊತ್ತಿಗೆ ಅದು ನಿಜವೇ. 11:30ಕ್ಕೆ ಟೆಸ್ಟ್ ಅಕೌಂಟಿಗೆ ರೀಫಂಡ್ ಮಾಡುವ ಅನುಮತಿಯೇ ಇಲ್ಲ ಅಂತ ಗೊತ್ತಾಯಿತು. ಅನುಮತಿ ಕೊಡುವುದು ಸಿಯಾಟಲ್‌ನವರು. ಅಲ್ಲಿ ಆಗ ಸೋಮವಾರ ರಾತ್ರಿ 11 ಗಂಟೆ.

ಅವರು ಮಂಗಳವಾರ ಬೆಳಿಗ್ಗೆ 9ಕ್ಕೆ ಬಂದು ಚಾನೆಲ್ ತೆರೆದಾಗ ನನ್ನ ಹೆಸರಿನ ಮುಂದೆ ಏನು ಕಾಣುತ್ತದೆ? 'ಅಡ್ಡಿ ಇಲ್ಲ.' ಓದಿಕೊಂಡು ತಮ್ಮ ಕೆಲಸಕ್ಕೆ ಹೋದರು. ನಾನು ಬೇರೆ ಕೆಲಸ ಹಿಡಿದುಕೊಂಡೆ. ಬುಧವಾರ ಬೆಳಿಗ್ಗೆ ಬಾಟ್ ಮತ್ತೆ ಕೇಳಿದಾಗ ಅಡ್ಡಿಯನ್ನು ಬರೆದೆ. ಅಷ್ಟರಲ್ಲಿ ಅವರಿಗೆ ಮಂಗಳವಾರ ರಾತ್ರಿ 9, ದಿನ ಮುಗಿದಿದೆ. ಅವರು ಅದನ್ನು ನೋಡಿದ್ದು ತಮ್ಮ ಬುಧವಾರ ಬೆಳಿಗ್ಗೆ, ನಮಗೆ ಬುಧವಾರ ರಾತ್ರಿ. ಐದೇ ನಿಮಿಷದಲ್ಲಿ ಅನುಮತಿ ಕೊಟ್ಟರು. ನಾನು ಟೆಸ್ಟ್ ಮುಂದುವರಿಸಿದ್ದು ಗುರುವಾರ ಬೆಳಿಗ್ಗೆ.

ಐದು ನಿಮಿಷದ ಕೆಲಸಕ್ಕೆ ಹತ್ತಿರ ಹತ್ತಿರ ಎರಡು ದಿನ. ಇಲ್ಲಿ ಯಾರೂ ಸೋಮಾರಿಗಳಲ್ಲ, ಎಲ್ಲರೂ ಬಾಟ್ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಾರೆ. ಪ್ರಶ್ನೆ ಬಂದ ಹೊತ್ತೇ ತಪ್ಪು. ಬೆಳಿಗ್ಗೆ ಬರೆಯುವುದು ಅಂದಾಜು, ಅಡ್ಡಿ ಹುಟ್ಟುವುದು ಕೆಲಸ ಶುರುವಾದ ಮೇಲೆ. ಒಂದೇ ಊರಿನ ಟೀಮಾದರೆ ಪಕ್ಕದವರನ್ನು ಕೂಗಿದರೆ ಆಯಿತು. ಹನ್ನೆರಡು ಗಂಟೆ ದೂರದ ಟೀಮಿನಲ್ಲಿ ಆ ಅಂದಾಜೇ ಇಡೀ ರಾತ್ರಿ ಸುದ್ದಿಯಾಗಿ ಉಳಿದುಬಿಡುತ್ತದೆ.

ಅದನ್ನೇ ಮಂಗಳವಾರ ಸಂಜೆ 6ಕ್ಕೆ ಬರೆದಿದ್ದರೆ? ಸಿಯಾಟಲ್‌ನವರು ದಿನ ಶುರುಮಾಡುವಾಗ ಅದು ಅವರ ಎದುರಿಗೆ ಇರುತ್ತಿತ್ತು. ನಾನು ಬುಧವಾರ ಬೆಳಿಗ್ಗೆ ಎದ್ದಾಗ ಅನುಮತಿ ಸಿಕ್ಕಿರುತ್ತಿತ್ತು. ಅದೇ ಜನ, ಅದೇ ಚಾನೆಲ್, ಬರೆಯುವ ಹೊತ್ತು ಮಾತ್ರ ಬೇರೆ. ಪೂರ್ತಿ ಒಂದು ದಿನ ಉಳಿಯುತ್ತದೆ.

'11:30ಕ್ಕೇ ಅವರಿಗೆ ನೇರ ಮೆಸೇಜ್ ಹಾಕಬಹುದಿತ್ತಲ್ಲ' ಅಂತ ನಿಮಗೆ ಅನಿಸಬಹುದು. ಹೌದು, ಹಾಕಬಹುದಿತ್ತು. ಆದರೆ ಒಬ್ಬರಿಗೆ ಹಾಕಿದ ಮೆಸೇಜ್ ಒಬ್ಬರಿಗೇ ಕಾಣುತ್ತದೆ. ಆ ಅನುಮತಿ ಕೊಡುವ ಹಕ್ಕು ಬರ್ಲಿನ್‌ನ ಒಬ್ಬರಿಗೂ ಇತ್ತು ಅಂತ ಆಮೇಲೆ ತಿಳಿಯಿತು. ಅವರು ನಮ್ಮ 12:30ಕ್ಕೆಲ್ಲ ಕೂತಿರುತ್ತಾರೆ. ಟಾಸ್ಕ್ ಮೇಲೆ ಬರೆದಿದ್ದರೆ ಮಂಗಳವಾರ ಊಟದ ಹೊತ್ತಿಗೇ ಕೆಲಸ ಆಗಿಬಿಡುತ್ತಿತ್ತು. ಅದಕ್ಕೇ ಈಗ ನಮ್ಮಲ್ಲಿ ಒಂದು ನಿಯಮ: ಅಡ್ಡಿ ಬಂದರೆ ಸಂಜೆಯವರೆಗೂ ಇಟ್ಟುಕೊಳ್ಳಬಾರದು. ಬಂದ ಕೂಡಲೇ ಟಾಸ್ಕ್ ಮೇಲೆ ಬರೆಯಬೇಕು, ಯಾರಿಂದ ಏನು ಬೇಕೋ ಅವರ ಹೆಸರು ಟ್ಯಾಗ್ ಮಾಡಬೇಕು. ಸಂಜೆಯ ಬರಹದಲ್ಲಿ ಅದು ಇನ್ನೊಮ್ಮೆ ಬರಲಿ, ತೊಂದರೆ ಇಲ್ಲ.

ಬಾಟ್‌ನಲ್ಲೂ ಸಮಯ ಬದಲಿಸಿ ಸಂಜೆ ಕೇಳಿಸಬಹುದು. ನಾವು ಹಾಗೂ ಮಾಡಿದೆವು, ಸ್ವಲ್ಪ ಸುಧಾರಿಸಿತು. ಆದರೆ ಉತ್ತರ ಚಾನೆಲ್‌ನಲ್ಲಿ ಇರುತ್ತದೆ, ಕೆಲಸ ಕಾರ್ಡಿನಲ್ಲಿ ಇರುತ್ತದೆ. ವಾರದ ನಂತರ 'ಇದನ್ನು ಯಾಕೆ ಹೀಗೆ ಮಾಡಿದರು' ಅಂತ ಹುಡುಕಿದರೆ ಕಾರ್ಡಿನಲ್ಲಿ ಏನೂ ಸಿಗುವುದಿಲ್ಲ. ಆ ಮೂರು ಪ್ರಶ್ನೆಗಳನ್ನು ಟೀಮುಗಳ ಕೆಲಸದ ಪದ್ಧತಿಯಾದ ಸ್ಕ್ರಮ್‌ನ ಅಧಿಕೃತ ಕೈಪಿಡಿ ಸ್ಕ್ರಮ್ ಗೈಡ್ ಕೂಡ 2020ರ ಆವೃತ್ತಿಯಲ್ಲಿ ಕೈಬಿಟ್ಟಿದೆ, ಸುಮ್ನೆ ಹಿಡಿದುಕೊಂಡು ಕೂರುವ ಅಗತ್ಯವಿಲ್ಲ.

ಸಂಜೆಯ ನಾಲ್ಕು ಸಾಲು

ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬರಿಗೆ ಚಾರ್ಜ್ ಕೊಡುತ್ತಾರಲ್ಲ, ಹಾಗೆ. ನನ್ನ ದಿನದ ವರದಿ ಅಲ್ಲ ಅದು, ಮುಂದೆ ಎದ್ದು ಬರುವವರಿಗೆ ಬೇಕಾದ ಮಾಹಿತಿ. ಟೀಮಿನಲ್ಲಿ ಇಂಗ್ಲಿಷ್‌ನಲ್ಲಿ ಬರೆಯುತ್ತೇವೆ, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ:

```
ಎಲ್ಲಿಗೆ ಬಂತು: ಪೂರ್ತಿ ರೀಫಂಡ್ ಟೆಸ್ಟ್ ಆಯಿತು. ಅರ್ಧ ರೀಫಂಡ್ ಬಾಕಿ.
ಎಲ್ಲಿ ನಿಂತಿದೆ: ಟೆಸ್ಟ್ ಅಕೌಂಟಿಗೆ ರೀಫಂಡ್ ಮಿತಿ ಹೆಚ್ಚಿಸಬೇಕು.
ಯಾರಿಂದ ಏನು ಬೇಕು: ಸಿಯಾಟಲ್ ಅಥವಾ ಬರ್ಲಿನ್, ಬುಧವಾರ ನನ್ನ 9:30ರ ಒಳಗೆ (04:00 UTC).
ಆಗದಿದ್ದರೆ: ನಾನು ಇನ್‌ವಾಯ್ಸ್ ಟಾಸ್ಕ್ ಹಿಡಿಯುತ್ತೇನೆ.
```

ಮೂರನೇ ಸಾಲು ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಊರು ಅಥವಾ ಹೆಸರು ಇರಬೇಕು, ವಾರ ಇರಬೇಕು, ಸಮಯ ಇರಬೇಕು. 'ನಾಳೆ' ಅಂತ ಬರೆದರೆ ಯಾರ ನಾಳೆ ಅನ್ನುವ ಗೊಂದಲ ಶುರುವಾಗುತ್ತದೆ. ನಾಲ್ಕನೇ ಸಾಲಿನಿಂದ ಎದುರಿನವರಿಗೆ ಅವಸರ ಎಷ್ಟಿದೆ ಅಂತ ತಿಳಿಯುತ್ತದೆ. ನಾನು ಬೇರೆ ಕೆಲಸಕ್ಕೆ ಹೋದರೂ ಪರವಾಗಿಲ್ಲವಾ, ಇಲ್ಲಾ ಅವರು ಕೈಯಲ್ಲಿರುವುದನ್ನು ಬಿಟ್ಟು ಇದನ್ನೇ ನೋಡಬೇಕಾ ಅಂತ.

ಕಾರ್ಡಿನ ಮೇಲೆ ಬರೆದಾದ ಮೇಲೆ ಅದರ ಲಿಂಕನ್ನು ಆ ದಿನದ ಥ್ರೆಡ್‌ಗೆ ಹಾಕುತ್ತೇವೆ. ಅಷ್ಟೇ. ನೆನಪಿಸಲು ಬಾಟ್ ಬೇಕಿಲ್ಲ. ಟೀಮಿನ ಚಾಟ್‌ಗೆ ನಾವು ಸ್ಲ್ಯಾಕ್ ಬಳಸುತ್ತೇವೆ, ಪ್ರತಿಯೊಬ್ಬರೂ ತಮಗೆ ತಾವೇ ಇದನ್ನು ಹಾಕಿಕೊಂಡಿದ್ದಾರೆ:

```
/remind me to write handoff every weekday at 5:30pm
```

ಪ್ರತಿಯೊಬ್ಬರೂ ಅಂತ ಯಾಕೆ ಹೇಳಿದೆ ಅಂದರೆ, ಒಬ್ಬರೇ ಇಡೀ ಚಾನೆಲ್‌ಗೆ ಹಾಕಿದರೆ ಅದು ಎಲ್ಲರಿಗೂ ಒಂದೇ ಕ್ಷಣಕ್ಕೆ ಬರುತ್ತದೆ. ನಮ್ಮ ಸಂಜೆ 5:30 ಸಿಯಾಟಲ್‌ನಲ್ಲಿ ಬೆಳಗಿನ ಜಾವ 5. ತಮಗೆ ತಾವು ಹಾಕಿಕೊಂಡರೆ ಅವರವರ ಸಂಜೆಗೆ ಬರುತ್ತದೆ. ಮಾರ್ಚ್‌ನಲ್ಲಿ ಗಡಿಯಾರ ಬದಲಾದರೂ ಯಾರೂ ಏನೂ ಮುಟ್ಟಬೇಕಿಲ್ಲ.

ಇದು ಕೆಡುವುದನ್ನು ಗುರುತಿಸುವುದೂ ಸುಲಭ. ಒಂದೇ ಕಾರ್ಡಿನಲ್ಲಿ 'ನಡೀತಿದೆ' ಅಂತ ಮೂರು ಸಂಜೆ ಬಂದರೆ ಅಲ್ಲಿ ಹೇಳದೆ ಉಳಿದ ಅಡ್ಡಿ ಇರುತ್ತದೆ, ಕೇಳಬೇಕು. ಟ್ಯಾಗ್ ಮಾಡಿದ ಸಾಲಿಗೆ ಬರೆದವರ ಮರುದಿನ ಬೆಳಿಗ್ಗೆಯ ಒಳಗೆ ಉತ್ತರ ಬಂದಿಲ್ಲ ಅಂದರೆ ಓದುವವರೇ ಇಲ್ಲ ಅಂತ ಅರ್ಥ. ನಮ್ಮಲ್ಲಿ ದಿನ ಶುರುಮಾಡುವವರು ತಮ್ಮ ಕೋಡ್ ತೆರೆಯುವ ಮುಂಚೆ ಥ್ರೆಡ್ ಓದಿ, ತಮ್ಮ ಹೆಸರಿರುವ ಸಾಲಿಗೆ ಮೊದಲು ಉತ್ತರ ಕೊಡುತ್ತಾರೆ. ಇದೊಂದು ಅಭ್ಯಾಸ ಇಲ್ಲದಿದ್ದರೆ ನಾಲ್ಕು ಸಾಲಿಗೂ ಆ ಶೀಟ್‌ನ ಗತಿಯೇ.

ಬರಹದಲ್ಲಿ ಆಗದ ಕೆಲಸವೂ ಇದೆ. ಒಂದು ವಿಷಯದಲ್ಲಿ ಇಬ್ಬರ ಅಭಿಪ್ರಾಯ ಬೇರೆ ಆದರೆ ಸಿಯಾಟಲ್ ಜೊತೆ ಪ್ರತಿ ಸವಾಲು–ಜವಾಬಿಗೆ ಒಂದು ದಿನ ಹೋಗುತ್ತದೆ. ಎರಡು ಸುತ್ತಾದರೂ ಬಗೆಹರಿಯಲಿಲ್ಲ ಅಂದರೆ ಕಾಲ್ ಮಾಡಿಬಿಡುತ್ತೇವೆ, ಅದು ರಾತ್ರಿಯಾದರೂ ಸರಿ. ಹೊಸಬರು ಸೇರಿದಾಗಲೂ ಅಷ್ಟೇ. ಮೊದಲ ಕೆಲವು ವಾರ ಅವರಿಗೆ ಹತ್ತಿರದ ಟೈಮ್‌ಝೋನಿನವರು ದಿನಾ ಮಾತಾಡುತ್ತಾರೆ. ಮುಖ ನೋಡಲು ಗುರುವಾರ ರಾತ್ರಿ ಒಂದು ಕಾಲ್ ಉಳಿಸಿಕೊಂಡಿದ್ದೇವೆ. ಅದರಲ್ಲಿ ಸ್ಟೇಟಸ್ ಕೇಳುವುದಿಲ್ಲ.

ಯಾರಿಗೆ ಯಾವುದು

ಇಡೀ ಟೀಮು ಹಾಸನ, ಬೆಂಗಳೂರು, ಮೈಸೂರಿನಲ್ಲೇ ಇದ್ದರೆ ಇಷ್ಟೆಲ್ಲ ಬೇಡ, ಬೆಳಿಗ್ಗೆ ಹತ್ತು ನಿಮಿಷ ಕಾಲ್ ಮಾಡಿ. ಭಾರತ ಮತ್ತು ಬರ್ಲಿನ್ ಮಾತ್ರ ಇದ್ದರೆ ನಮ್ಮ ಮಧ್ಯಾಹ್ನ 2ರ ಕಾಲ್ ಕೂಡ ನಡೆಯುತ್ತದೆ. ಇಪ್ಪತ್ತು ಮೂವತ್ತು ಜನರ ಟೀಮಾಗಿ, ಯಾರು ಬರೆದಿಲ್ಲ ಅಂತ ಮ್ಯಾನೇಜರ್ ಪಟ್ಟಿ ಕೇಳಿದರೆ ಬಾಟ್‌ಗೆ ದುಡ್ಡು ಕೊಡಬಹುದು. ಆದರೆ ಅದು ಸಂಜೆ ಕೇಳುವಂತೆ ಮೊದಲೇ ಸೆಟ್ ಮಾಡಿ.

ನಮ್ಮದು ಆರು ಜನರ ಟೀಮು, ಸಣ್ಣ ಕಂಪನಿ. ತಿಂಗಳ ಬಿಲ್ ಉಳಿಯಿತು. ನನಗಂತೂ ರಾತ್ರಿ ಊಟ ಮನೆಯವರ ಜೊತೆ ಆಗಬೇಕು, ಹಾಗಾಗಿ 6ಕ್ಕೆ ನಾಲ್ಕು ಸಾಲು ಬರೆದು ಲ್ಯಾಪ್‌ಟಾಪ್ ಮುಚ್ಚುವ ಈ ಪದ್ಧತಿಯನ್ನು ಬಿಡುವ ಯೋಚನೆ ಇಲ್ಲ. ಬಾಟ್‌ನ ಚಂದಾ ನಿಲ್ಲಿಸುವಾಗ ಬೆಂಗಳೂರಿನವರೊಬ್ಬರು 'ಹಳೇ ಉತ್ತರಗಳನ್ನು ಒಮ್ಮೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ ಅಕ್ಕಾ' ಅಂದರು. ಅದು ಒಳ್ಳೆಯ ಸಲಹೆ. ನೀವೂ ಬಾಟ್ ಬಿಡುವವರಿದ್ದರೆ ಕಾರ್ಡ್ ನಂಬರ್ ಇರುವ ಸಾಲುಗಳನ್ನು ಆಯಾ ಕಾರ್ಡಿಗೆ ಅಂಟಿಸಿ, ಆಮೇಲೆ ಅಕೌಂಟ್ ಮುಚ್ಚಿ.